ಡಿಸೆಂಬರ್ ಬಿಸಿಲಿಗಾಗಿ ಸಜ್ಜಾ ಬಿಚ್ಚಿ ಮತ್ತೆ ಕೂರಿಸಿದ್ದು

ನಮ್ಮ ಮನೆಯಲ್ಲಿ ಅಮ್ಮ ಹಗಲೆಲ್ಲ ಕೂರುವ ಕೋಣೆಗೆ ದಕ್ಷಿಣಕ್ಕೆ ಒಂದು ದೊಡ್ಡ ಕಿಟಕಿ ಇದೆ. ಆದರೂ ಚಳಿಗಾಲದಲ್ಲಿ ಆ ಕೋಣೆ ಮಂಕಾಗಿ, ತಣ್ಣಗೆ ಇರುತ್ತಿತ್ತು. ಹೊರಗೆ ಅಂಗಳದಲ್ಲಿ ಒಳ್ಳೆ ಬಿಸಿಲು, ಒಳಗೆ ಅಮ್ಮ ಶಾಲು ಹೊದ್ದು ಕೂತಿರುತ್ತಿದ್ದರು. ದಕ್ಷಿಣದ ಕಿಟಕಿಗೆ ಚಳಿಗಾಲದಲ್ಲೇ ಜಾಸ್ತಿ ಬಿಸಿಲು ಬರಬೇಕು, ಅಲ್ವಾ? ಸೂರ್ಯ ಆಗ ದಕ್ಷಿಣದಲ್ಲಿ ತಗ್ಗಾಗಿ ಹೋಗುತ್ತಾನೆ, ಬೆಳಕು ಓರೆಯಾಗಿ ಒಳಗೆ ನುಗ್ಗಬೇಕು. ಹಾಗಾಗುತ್ತಿಲ್ಲ ಅಂದರೆ ಏನೋ ಅಡ್ಡ ಇದೆ ಅಂತ ಒಂದು ಡಿಸೆಂಬರ್ ಮಧ್ಯಾಹ್ನ ಟೇಪು ಹಿಡಿದು ಹೊರಗೆ ಹೋದೆ.

ಕಾರಣ ಕಣ್ಣೆದುರೇ ಇತ್ತು. ಗಾಜಿನ ಎತ್ತರ 120 ಸೆಂ.ಮೀ. ಅದರಲ್ಲಿ ಮೇಲಿನ 67 ಸೆಂ.ಮೀ. ನೆರಳಿನಲ್ಲಿತ್ತು. ಕಿಟಕಿಯ ತಲೆಗೆ ಸರಿಯಾಗಿ ತಗಡಿನ ಸಜ್ಜಾ ಕೂರಿಸಿದ್ದರು, ಗಾಜಿನಿಂದ ಅಳೆದರೆ 90 ಸೆಂ.ಮೀ. ಮುಂದಕ್ಕೆ ಚಾಚಿತ್ತು. ಅಗಲವಾದ ಸಜ್ಜಾ ಒಳ್ಳೆಯದು ಅಂತಲೇ ಎಲ್ಲರೂ ಹಾಕಿಸುವುದು, ನಾವೂ ಹಾಗೇ ಅಂದುಕೊಂಡಿದ್ದೆವು. ಬೇಸಿಗೆಗೆ ಅದು ಒಳ್ಳೆಯದೇ. ಆದರೆ ಅದು ಬೇಸಿಗೆ ಮುಗಿದ ಮೇಲೂ ತನ್ನ ಕೆಲಸ ನಿಲ್ಲಿಸುವುದಿಲ್ಲ. ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಗಿದ್ದು, ಮಾರ್ಚ್ ಮೊದಲ ವಾರದಿಂದ ಅಕ್ಟೋಬರ್ 10ರ ಹತ್ತಿರದವರೆಗೆ ಆ ಗಾಜಿಗೆ ನಡುಹಗಲಿನ ಬಿಸಿಲು ಒಂದು ಚೂರೂ ತಾಗುತ್ತಿರಲಿಲ್ಲ, ಉಳಿದ ತಿಂಗಳುಗಳಲ್ಲಿ ತಾಗಿದರೂ ಅರೆಬರೆ.

ಲೆಕ್ಕ ಕಷ್ಟದ್ದಲ್ಲ. ನಮ್ಮ ಮನೆ ಇರುವುದು 30 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಡುಹಗಲಿನಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆ ಅಂತ ತಿಳಿಯಲು 90ರಿಂದ ಅಕ್ಷಾಂಶ ಕಳೆಯಬೇಕು. ಅದು 60. ಮಾರ್ಚ್ 20, ಸೆಪ್ಟೆಂಬರ್ 22ರ ಸುಮಾರಿಗೆ, ಹಗಲು ರಾತ್ರಿ ಸಮವಾಗುವ ದಿನಗಳಲ್ಲಿ ಸೂರ್ಯನ ಎತ್ತರ ಅಷ್ಟೇ. ಜೂನ್ 21ಕ್ಕೆ ಅದಕ್ಕೆ ಇಪ್ಪತ್ಮೂರೂವರೆ ಕೂಡಿಸಿ, 83.5 ಆಗುತ್ತದೆ, ಹೆಚ್ಚುಕಡಿಮೆ ನೆತ್ತಿ ಮೇಲೆ. ಡಿಸೆಂಬರ್ 21ಕ್ಕೆ ಅಷ್ಟೇ ಕಳೆಯಿರಿ, 36.5. ಈ ಮೂರು ಕೋನ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಸಜ್ಜಾದ ಚಾಚನ್ನು ಆ ಕೋನದ ಟ್ಯಾನ್ ಬೆಲೆಯಿಂದ ಗುಣಿಸಿದರೆ, ಅದರ ತುದಿಯ ಮಟ್ಟದಿಂದ ನೆರಳು ಎಷ್ಟು ಕೆಳಗೆ ಬೀಳುತ್ತದೆ ಅಂತ ಬರುತ್ತದೆ. 36.5ರ ಟ್ಯಾನ್ 0.74. ತೊಂಬತ್ತನ್ನು ಅದರಿಂದ ಗುಣಿಸಿದರೆ 67. ಟೇಪಿನಲ್ಲಿ ಸಿಕ್ಕಿದ್ದೂ ಅದೇ.

ಮೊದಲು ನನಗೆ ಅನಿಸಿದ್ದು ಸುಮ್ನೆ ಸಜ್ಜಾ ಚಿಕ್ಕದು ಮಾಡೋಣ ಅಂತ. ಜೂನ್ 21ರ ಸೂರ್ಯನಿಗೆ ಎಷ್ಟು ಸಾಕು ಅಂತ ನೋಡಿದರೆ ಬರೀ 14 ಸೆಂ.ಮೀ. ಸಾಕಿತ್ತು. ಇಲ್ಲೇ ತುಂಬಾ ಜನ ಎಡವುವುದು. ಜೂನ್ 21 ಸೂರ್ಯ ಅತಿ ಎತ್ತರದಲ್ಲಿರುವ ದಿನ, ಅಂದರೆ ದಕ್ಷಿಣದ ಕಿಟಕಿಗೆ ನೆರಳು ಕೊಡುವುದು ಅತಿ ಸುಲಭವಾದ ದಿನ. ಆ ಒಂದು ದಿನಕ್ಕೆ ಲೆಕ್ಕ ಕಟ್ಟಿದರೆ ಏಪ್ರಿಲ್‌ನಲ್ಲೂ ಆಗಸ್ಟ್‌ನಲ್ಲೂ ಸೆಕೆ ಇರುವಾಗಲೇ ಬಿಸಿಲು ಒಳಗೆ ಬರುತ್ತದೆ. ನಾನು ಬೇರೆ ಪ್ರಶ್ನೆ ಕೇಳಿಕೊಂಡೆ. ಯಾವ ದಿನದಿಂದ ಯಾವ ದಿನದವರೆಗೆ ನನಗೆ ಪೂರ್ತಿ ನೆರಳು ಬೇಕು? ಏಪ್ರಿಲ್ 20ರಿಂದ ಅಂತ ತೀರ್ಮಾನಿಸಿದೆ. ಆ ದಿನ ಸೂರ್ಯ ಸಮಭಾಜಕದಿಂದ ಹನ್ನೊಂದೂವರೆ ಡಿಗ್ರಿ ಉತ್ತರಕ್ಕಿರುತ್ತಾನೆ, ಹಾಗಾಗಿ ನಮ್ಮಲ್ಲಿ ನಡುಹಗಲಿನ ಎತ್ತರ 71.5. ಅದೇ ಸೂರ್ಯ ಅದೇ ಎತ್ತರಕ್ಕೆ ಮತ್ತೆ ಇಳಿಯುವುದು ಆಗಸ್ಟ್ 22ರ ಸುಮಾರಿಗೆ. ಅಂದರೆ ಒಂದು ತುದಿ ಆರಿಸಿದರೆ ಇನ್ನೊಂದು ತುದಿ ತಾನಾಗಿಯೇ ಬರುತ್ತದೆ, ಅದರಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಈ ವಿಷಯ ಆಮೇಲೆ ನನ್ನನ್ನು ಸ್ವಲ್ಪ ಕಾಡಿತು, ಅದಕ್ಕೆ ಬರುತ್ತೇನೆ.

ಆಮೇಲೆ ಚಿತ್ರ ಬರೆದೆ. ಲೆಕ್ಕಕ್ಕಿಂತ ಚಿತ್ರವೇ ನನಗೆ ಇಷ್ಟ, ಯಾಕೆಂದರೆ ತಪ್ಪು ಕಣ್ಣಿಗೆ ಕಾಣುತ್ತದೆ. ಹತ್ತಕ್ಕೆ ಒಂದರ ಅಳತೆಯಲ್ಲಿ ಕಿಟಕಿಯ ಪಕ್ಕನೋಟ, ಗಾಜು 12 ಸೆಂ.ಮೀ. ಉದ್ದದ ಒಂದು ನೆಟ್ಟಗಿನ ಗೆರೆ. ಗಾಜಿನ ಕೆಳತುದಿಗೆ ಕೋನಮಾಪಕ ಇಟ್ಟು ಹೊರಗಡೆಗೆ 71.5 ಡಿಗ್ರಿಯಲ್ಲಿ ಒಂದು ಗೆರೆ ಎಳೆದೆ. ಇದು ಬೇಸಿಗೆಯ ಗೆರೆ. ಸಜ್ಜಾದ ತುದಿ ಈ ಗೆರೆಯನ್ನು ಮುಟ್ಟಿದರೆ ಗಾಜು ಪೂರ್ತಿ ನೆರಳಲ್ಲಿ ಇರುತ್ತದೆ. ಗಾಜಿನ ಮೇಲ್ತುದಿಯಿಂದ 36.5 ಡಿಗ್ರಿಯಲ್ಲಿ ಇನ್ನೊಂದು ಗೆರೆ. ಇದು ಚಳಿಗಾಲದ ಗೆರೆ. ಸಜ್ಜಾ ಈ ಗೆರೆಗಿಂತ ಕೆಳಗೆ ಬರದಿದ್ದರೆ ಡಿಸೆಂಬರ್‌ನಲ್ಲಿ ಗಾಜಿನ ಮೇಲೆ ಅದರ ನೆರಳೇ ಬೀಳುವುದಿಲ್ಲ. ಎರಡು ಗೆರೆ ಒಂದನ್ನೊಂದು ಕತ್ತರಿಸುವ ಜಾಗವೇ ಸಜ್ಜಾದ ತುದಿ ಇರಬೇಕಾದ ಜಾಗ! ನನ್ನ ಹಾಳೆಯಲ್ಲಿ ಅದು ಗಾಜಿನಿಂದ 53 ಸೆಂ.ಮೀ. ಹೊರಗೆ, ಗಾಜಿನ ತಲೆಗಿಂತ 39 ಸೆಂ.ಮೀ. ಮೇಲೆ ಬಂತು.

ಆ ಚಿತ್ರ ನೋಡಿದ ಮೇಲೆ ನಮ್ಮ ಹಳೆಯ ಸಜ್ಜಾದ ತಪ್ಪು ಸ್ಪಷ್ಟವಾಯಿತು. ಚಾಚು ಜಾಸ್ತಿ ಆದದ್ದು ಅರ್ಧ ತಪ್ಪು. ಅದನ್ನು ಕಿಟಕಿಯ ತಲೆಗೆ ಅಂಟಿಸಿ ಕೂರಿಸಿದ್ದು ಇನ್ನರ್ಧ. ತಲೆಗೂ ಸಜ್ಜಾಕ್ಕೂ ನಡುವೆ ಖಾಲಿ ಗೋಡೆ ಬಿಟ್ಟರೆ ಚಳಿಗಾಲದ ನೆರಳು ಆ ಗೋಡೆಯ ಮೇಲೆ ಬಿದ್ದು ಮುಗಿಯುತ್ತದೆ, ಗಾಜಿಗೆ ಬರುವುದಿಲ್ಲ.

ನಮ್ಮ ಗೋಡೆಯಲ್ಲಿ 39 ಸೆಂ.ಮೀ. ಮೇಲೆ ಹೋಗಲು ಜಾಗ ಇರಲಿಲ್ಲ, ಅಲ್ಲಿ ಮಾಡಿನ ತೊಲೆ ಅಡ್ಡ ಬರುತ್ತಿತ್ತು. 30ಕ್ಕೆ ಒಪ್ಪಿಕೊಂಡೆ. ತುದಿಯಿಂದ ಗಾಜಿನ ಕೆಳ ಅಂಚಿಗೆ 150 ಸೆಂ.ಮೀ., ಅದನ್ನು 71.5ರ ಟ್ಯಾನ್ ಆದ 2.99ರಿಂದ ಭಾಗಿಸಿದರೆ ಚಾಚು 50. ಹಾಗೆ ಮಾಡಿದರೆ ಡಿಸೆಂಬರ್‌ನಲ್ಲಿ ನೆರಳು 37 ಸೆಂ.ಮೀ. ಇಳಿಯುತ್ತದೆ, 30 ಗೋಡೆಗೆ ಹೋಗಿ ಗಾಜಿನ ಮೇಲಿನ 7 ಸೆಂ.ಮೀ. ಮಾತ್ರ ನೆರಳಾಗುತ್ತದೆ. ಆ ಏಳಕ್ಕೂ ಬೇಜಾರಾಗಿತ್ತು. ಆದರೆ ಗಾಜು ಗೋಡೆಯ ಹೊರಮೈಯಿಂದ 10 ಸೆಂ.ಮೀ. ಒಳಗಿದೆ. ಅಂದರೆ ಸಜ್ಜಾ ಇಲ್ಲದಿದ್ದರೂ ಲಿಂಟಲ್ ಅಂಚೇ ಚಳಿಗಾಲದಲ್ಲಿ ಗಾಜಿನ ಮೇಲೆ ಏಳು ಸೆಂ.ಮೀ. ನೆರಳು ಹಾಕುತ್ತದೆ. ಹಾಗಾಗಿ ಇನ್ನೂ ಎತ್ತರಕ್ಕೆ ಏರಿಸಿದ್ದರೂ ಏನೂ ಸಿಗುತ್ತಿರಲಿಲ್ಲ. ಇದರಲ್ಲೇ ಇನ್ನೊಂದು ಮುಖ್ಯ ಮಾತು ಇದೆ. ಚಾಚನ್ನು ಗಾಜಿನಿಂದ ಅಳೆಯಬೇಕು, ಗೋಡೆಯಿಂದ ಅಲ್ಲ. ವೆಲ್ಡರ್‌ಗೆ ನಾನು ಹೇಳಬೇಕಾದ ಅಳತೆ 50 ಅಲ್ಲ, ಗೋಡೆಯಿಂದ 40.

ವೆಲ್ಡರ್ ಬಂದು ನೋಡಿ, "ಸಾರ್, ಇದನ್ನ ಮೇಲೆ ಎತ್ತಿ ಚಿಕ್ಕದು ಮಾಡಿದ್ರೆ ಮಳೆ ಒಳಗೆ ಹೊಡೆಯಲ್ವಾ?" ಅಂದರು. ಸರಿಯಾದ ಪ್ರಶ್ನೆ. ಹೊಡೆಯುತ್ತದೆ. ಗಾಳಿಮಳೆಗೆ ಹಳೆಯ ಸಜ್ಜಾವೇ ಮೇಲು, ಈಗ ಮಳೆ ಬಂದರೆ ಕಿಟಕಿ ಮುಚ್ಚಲೇಬೇಕು. ಅಮ್ಮನನ್ನು ಕೇಳಿದೆ. "ಮುಚ್ಚಿದರಾಯ್ತು ಬಿಡು, ಬಿಸಿಲು ಬರಲಿ" ಅಂದರು. ನೀರು ಹರಿಯಲು ತಗಡಿಗೆ ಇಳಿಜಾರು ಕೊಟ್ಟೆವು. ಇಳಿಜಾರಿದ್ದಾಗ ಲೆಕ್ಕಕ್ಕೆ ಬರುವುದು ಗೋಡೆಗೆ ಸೇರುವ ಕಡೆಯಲ್ಲ, ಹೊರಗಿನ ತುದಿ. ಆ ತುದಿ 30 ಸೆಂ.ಮೀ. ಎತ್ತರದಲ್ಲಿ ಇರುವಂತೆ ನೋಡಿಕೊಂಡು, ಗೋಡೆಯ ಕಡೆ ಅದಕ್ಕಿಂತ ಮೇಲೆ ಕೂರಿಸಿದೆವು.

ಆದರೆ ಗೋಡೆಗೆ ತೂತು ಕೊರೆಯುವ ಮೊದಲು ಒಂದು ಪರೀಕ್ಷೆ ಮಾಡಿದ್ದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಾರ್ಚ್ 20ರಂದು ಹಳೆಯ ತಗಡು ಬಿಚ್ಚಿ, ಅಲ್ಲಿಗೆ ರಟ್ಟಿನ ಸಜ್ಜಾ ಕಟ್ಟಿದೆ. ಅದೇ 50 ಚಾಚು, ಅದೇ 30 ಎತ್ತರ. ಆ ದಿನವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಹಗಲು ರಾತ್ರಿ ಸಮ ಇರುವ ದಿನ, ನೇರ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಮೇಲೆ ಸಜ್ಜಾದ ನೆರಳಿನ ಗೆರೆ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಸೂರ್ಯ ಏರುತ್ತಾನೆ, ಇಳಿಯುತ್ತಾನೆ, ಗೆರೆ ಅಲ್ಲಾಡುವುದಿಲ್ಲ. ಮುಖ್ಯವಾದದ್ದು ಸೂರ್ಯನ ಎತ್ತರವಲ್ಲ, ಗೋಡೆಗೆ ನೇರ ಪಕ್ಕದಿಂದ ನೋಡಿದಾಗ ಕಾಣುವ ಕೋನ. ಅದಕ್ಕೆ ಪ್ರೊಫೈಲ್ ಕೋನ ಅನ್ನುತ್ತಾರೆ. ಆ ದಿನ ಅದು ನಮ್ಮಲ್ಲಿ ಇಡೀ ದಿನ 60.

ಲೆಕ್ಕದ ಪ್ರಕಾರ ಗಾಜಿನ ತಲೆಯಿಂದ 57 ಸೆಂ.ಮೀ. ಕೆಳಗೆ ನೆರಳು ನಿಲ್ಲಬೇಕು. ನಡುಹಗಲಿಗೆ ಎರಡು ಗಂಟೆ ಮುಂಚೆ ಗಾಜಿನ ನಡುವಿಗೆ ಟೇಪು ಹಿಡಿದೆ. 52 ಇತ್ತು. ಸರಿಯಾಗಿ ನಡುಹಗಲಿಗೆ 57. ಅದಾಗಿ ಎರಡು ಗಂಟೆ ಮೇಲೆ 62. ಮೂರು ಸಲ ಗಾಜಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದೆ, ಮೂರೂ ಬೇರೆ ಬೇರೆ ಕಡೆ. ರಟ್ಟು ಬಾಗಿದೆಯೇನೋ ಅಂತ ಮಟ್ಟ ಇಟ್ಟು ನೋಡಿದೆ, ಬಾಗಿರಲಿಲ್ಲ. ಆಮೇಲೆ ಹೊಳೆಯಿತು, ಗೋಡೆಯೇ ನೇರ ದಕ್ಷಿಣಕ್ಕೆ ಇಲ್ಲ. ಬೆಳಿಗ್ಗೆ ನೆರಳು ಮೇಲೆ, ಮಧ್ಯಾಹ್ನದ ಮೇಲೆ ಕೆಳಗೆ ಅಂದರೆ ಗೋಡೆ ಸ್ವಲ್ಪ ಪೂರ್ವಕ್ಕೆ ತಿರುಗಿದೆ.

ಫೋನಿನ ದಿಕ್ಸೂಚಿಯನ್ನು ಮೊದಲೇ ನೋಡಿದ್ದೆ. ಕಿಟಕಿಯ ಕಬ್ಬಿಣದ ಸರಳಿನ ಹತ್ತಿರ ಹಿಡಿದರೆ ಒಂದು ಹೇಳುತ್ತದೆ, ಅಂಗಳದಲ್ಲಿ ಇನ್ನೊಂದು. ಕಬ್ಬಿಣ ಇಲ್ಲದ ಕಡೆಯೂ ಅದರ ಮುಳ್ಳು ತೋರಿಸುವುದು ಕಾಂತದ ಉತ್ತರವನ್ನು, ನಿಜವಾದ ಉತ್ತರವನ್ನಲ್ಲ, ಎಷ್ಟೋ ಕಡೆ ಎರಡರ ನಡುವೆ ಹಲವು ಡಿಗ್ರಿ ವ್ಯತ್ಯಾಸ ಇರುತ್ತದೆ. ಹಾಗಾಗಿ ಮಾರನೇ ದಿನ ಹಳೆಯ ಕಾಲದ ಶಂಕುವಿನ ವಿಧಾನ ಮಾಡಿದೆ. ಅಂಗಳದಲ್ಲಿ ಒಂದು ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ಹಗ್ಗದಿಂದ ಒಂದು ವೃತ್ತ ಬರೆದೆ. ಬೆಳಿಗ್ಗೆ ಕೋಲಿನ ನೆರಳಿನ ತುದಿ ವೃತ್ತವನ್ನು ಮುಟ್ಟಿದಾಗ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಾಗ ಇನ್ನೊಂದು. ಎರಡನ್ನೂ ಸೇರಿಸಿದರೆ ಅದೇ ಪೂರ್ವ ಪಶ್ಚಿಮದ ಗೆರೆ. ಆ ಎರಡು ಹೊತ್ತುಗಳ ನಡುವಿನ ಹೊತ್ತು ನಿಜವಾದ ನಡುಹಗಲು, ಗಡಿಯಾರದ ಹನ್ನೆರಡು ಅಲ್ಲ. ಆ ಗೆರೆಗೂ ಗೋಡೆಗೂ 2 ಮೀಟರ್ ಉದ್ದಕ್ಕೆ 10 ಸೆಂ.ಮೀ. ವ್ಯತ್ಯಾಸ ಬಂತು. ಅಂದರೆ ಮೂರು ಡಿಗ್ರಿ. ಮೂರೇ ಡಿಗ್ರಿಗೆ ನಾಲ್ಕು ಗಂಟೆಯಲ್ಲಿ ನೆರಳು 10 ಸೆಂ.ಮೀ. ಜಾರುತ್ತದೆ ಅಂತ ನಾನು ಎಣಿಸಿರಲಿಲ್ಲ. ನಮ್ಮ ಅಳತೆಗೆ ಇದರಿಂದ ತೊಂದರೆ ಆಗಲಿಲ್ಲ, ಬೇಸಿಗೆಯ ನಡುವಿನಲ್ಲಿ ಅಷ್ಟು ವ್ಯತ್ಯಾಸ ತಡೆದುಕೊಳ್ಳುತ್ತದೆ. ಆದರೆ ಗೋಡೆ ಇಪ್ಪತ್ತು ಮೂವತ್ತು ಡಿಗ್ರಿ ತಿರುಗಿದ್ದರೆ ಈ ಇಡೀ ಲೆಕ್ಕ ಹೊಸದಾಗಿ ಮಾಡಬೇಕು.

ಏಪ್ರಿಲ್ ಮೊದಲ ವಾರ ತಗಡು ಕೂತಿತು. ಏಪ್ರಿಲ್ 20ಕ್ಕೆ ಕಾದಿದ್ದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಕೋಣೆಗೆ ಹೋದರೆ ಗಾಜಿನ ಮೇಲೆ ದೊಡ್ಡ ತ್ರಿಕೋನದಂಥ ಬಿಸಿಲು ಬಿದ್ದಿತ್ತು. ಪೂರ್ವದ ಬದಿಯಲ್ಲಿ, ಕೆಳಗೆ ಹೋದಂತೆ ಅಗಲ. ಕೆಳ ಅಂಚಿನಲ್ಲಿ ಅಳೆದರೆ 70 ಸೆಂ.ಮೀ. ಹತ್ತಿರ ಇತ್ತು. ಚಾಚು ಸರಿ, ಎತ್ತರ ಸರಿ, ಗಾಜಿನ ನಡುಭಾಗ ನೆರಳಿನಲ್ಲೇ ಇತ್ತು. ತಪ್ಪಿದ್ದು ಅಗಲ. ಕಿಟಕಿ 150 ಸೆಂ.ಮೀ. ಅಗಲ, ತಗಡನ್ನೂ ಅಷ್ಟೇ ಅಗಲ ಮಾಡಿಸಿದ್ದೆ. ರಟ್ಟಿನ ಪರೀಕ್ಷೆಯಲ್ಲಿ ನಾನು ನಡುವನ್ನು ಮಾತ್ರ ನೋಡಿದ್ದೆ, ಬದಿಗಳನ್ನು ನೋಡಿರಲಿಲ್ಲ. ಬೆಳಿಗ್ಗೆ ಸೂರ್ಯ ಪೂರ್ವದಿಂದ ಓರೆಯಾಗಿ ಬರುವಾಗ ಸಜ್ಜಾದ ನೆರಳು ಅಷ್ಟೇ ಓರೆಯಾಗಿ ಪಶ್ಚಿಮಕ್ಕೆ ಸರಿಯುತ್ತದೆ. ಹತ್ತರ ಹೊತ್ತಿಗೆ ಆ ಸರಿಯುವಿಕೆ ಗಾಜಿನ ಕೆಳ ಅಂಚಿನ ಮಟ್ಟದಲ್ಲಿ 85 ಸೆಂ.ಮೀ. ದಾಟುತ್ತದೆ. ಗಾಜು ಒಳಗೆ ಕೂತಿರುವುದರಿಂದ ಗೋಡೆಯ ಬದಿಯೇ ಅದರಲ್ಲಿ ಸ್ವಲ್ಪ ತಡೆಯುತ್ತದೆ, ಉಳಿದದ್ದು ಆ ತ್ರಿಕೋನ. ಮಧ್ಯಾಹ್ನದ ಮೇಲೆ ಇದೇ ತ್ರಿಕೋನ ಇನ್ನೊಂದು ಬದಿಯಲ್ಲಿ.

ವೆಲ್ಡರ್ ಮತ್ತೆ ಬಂದು ಎರಡೂ ಕಡೆ 60 ಸೆಂ.ಮೀ. ತಗಡು ಸೇರಿಸಿದರು. ಒಟ್ಟು ಅಗಲ 270 ಆಯಿತು. ಈಗ ಆ ಹೊತ್ತಿಗೆ ಮೂಲೆಯಲ್ಲಿ ಒಂದು ಅಂಗೈ ಅಗಲದ ಬಿಸಿಲು ಮಾತ್ರ ಉಳಿದಿದೆ. ಕಿಟಕಿ ಕಿರಿದಾದಷ್ಟೂ ಈ ಬದಿಯ ಸೋರಿಕೆಯ ಪಾಲು ದೊಡ್ಡದಾಗುತ್ತದೆ, ಆದ್ದರಿಂದ ಚಿಕ್ಕ ಕಿಟಕಿಗೆ ಚಿಕ್ಕ ಸಜ್ಜಾ ಸಾಕು ಅನ್ನುವುದು ತಪ್ಪು.

ಜೂನ್ ಆರಾಮವಾಗಿ ಕಳೆಯಿತು. 30 ಡಿಗ್ರಿಯಲ್ಲಿ ಜೂನ್ 21ರಂದು ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ಸರಿದು, ದಕ್ಷಿಣದ ಗೋಡೆಗೆ ಬಿಸಿಲು ತಾಗುವುದೇ ಬೆಳಿಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಮುಕ್ಕಾಲು ಮೂರರವರೆಗೆ, ಅದೂ ಗೋಡೆಯನ್ನು ಸವರಿಕೊಂಡು ಹೋಗುವ ಬಿಸಿಲು. ಆದರೂ ಕಿಟಕಿಯ ಹತ್ತಿರ ನಿಂತರೆ ಬಿಸಿ ಅನಿಸುತ್ತಿತ್ತು. ಅದು ಕಿಟಕಿ ಮುಂದಿನ ಬಿಳಿ ಸಿಮೆಂಟಿನ ಅಂಗಳದಿಂದ ಪುಟಿದು ಬರುವ ಬೆಳಕು. ಕೆಳಗಿನಿಂದ ಬರುವುದನ್ನು ಯಾವ ಸಜ್ಜಾವೂ ತಡೆಯುವುದಿಲ್ಲ. ಅಲ್ಲಿ ಹುಲ್ಲು ಹಬ್ಬಿಸಿದ ಮೇಲೆ ಕಡಿಮೆಯಾಯಿತು.

ಕಾಡಿದ ವಿಷಯ ಅಂದೆನಲ್ಲ, ಅದು ಸೆಪ್ಟೆಂಬರ್. ಸೂರ್ಯನಿಗೆ ಮಾರ್ಚ್ ಮತ್ತು ಸೆಪ್ಟೆಂಬರ್ ಒಂದೇ. ನಮಗೆ ಒಂದೇ ಅಲ್ಲ. ನೆಲ, ಗೋಡೆ, ಗಾಳಿ ಎಲ್ಲವೂ ಬೇಸಿಗೆಯ ಕಾವನ್ನು ಹಿಡಿದಿಟ್ಟುಕೊಂಡು ಸೂರ್ಯನಿಗಿಂತ ಹಿಂದೆ ನಡೆಯುತ್ತವೆ, ಮಾರ್ಚ್‌ನಲ್ಲಿ ಹಿತವಾಗಿದ್ದ ಅದೇ ಅರ್ಧ ಕಿಟಕಿಯ ಬಿಸಿಲು ಸೆಪ್ಟೆಂಬರ್‌ನಲ್ಲಿ ಬೆವರಿಳಿಸುತ್ತದೆ. ಅಲುಗಾಡದ ಸಜ್ಜಾಕ್ಕೆ ಇದಕ್ಕೆ ಉತ್ತರ ಇಲ್ಲ. ಸೆಪ್ಟೆಂಬರ್‌ಗೆ ಸಾಕಾಗುವಷ್ಟು ಉದ್ದ ಮಾಡಿದರೆ ಮಾರ್ಚ್ ಬಿಸಿಲೂ ಹೋಗುತ್ತದೆ.

ಒಳಗೆ ಪರದೆ ಹಾಕಿ ನೋಡಿದೆವು. ಬೆಳಕು ಕಡಿಮೆಯಾಯಿತು, ಸೆಕೆ ಅಷ್ಟಾಗಿ ಕಡಿಮೆಯಾಗಲಿಲ್ಲ. ಬಿಸಿಲು ಗಾಜು ದಾಟಿದ ಮೇಲೆ ಪರದೆಗೆ ಬಿದ್ದು ಪರದೆಯೇ ಕಾಯುತ್ತದೆ, ಆ ಕಾವು ಕೋಣೆಯಲ್ಲೇ ಉಳಿಯುತ್ತದೆ. ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು. ಮತ್ತೆ ಅದೇ ಹಾಳೆ ತೆಗೆದು, ಗಾಜಿನ ಕೆಳತುದಿಯಿಂದ 60 ಡಿಗ್ರಿ ಗೆರೆ ಎಳೆದೆ. ಅದು ಸಜ್ಜಾದ ತುದಿಯ ನೇರಕ್ಕೆ, ತುದಿಗಿಂತ 63 ಸೆಂ.ಮೀ. ಕೆಳಗೆ ಹಾದುಹೋಯಿತು. ಅಂದರೆ ತುದಿಯಿಂದ 65 ಸೆಂ.ಮೀ. ಉದ್ದದ ಬಿದಿರಿನ ಪರದೆ ಇಳಿಬಿಟ್ಟರೆ ಸಾಕು! ಇಡೀ ಕಿಟಕಿ ಮುಚ್ಚಬೇಕಾಗಿಲ್ಲ. ಅದರ ಕೆಳ ಅಂಚು ಕೋಣೆಯ ನೆಲದಿಂದ 175 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ, ಹಾಗಾಗಿ ಕೂತವರಿಗೆ ಅಂಗಳ ಪೂರ್ತಿ ಕಾಣುತ್ತದೆ. ಆಗಸ್ಟ್ 22ರ ಸುಮಾರಿಗೆ ಅದನ್ನು ಬಿಡಿಸುತ್ತೇವೆ, ಸೆಪ್ಟೆಂಬರ್ ಕೊನೆಗೆ ಸುತ್ತಿ ಕಟ್ಟುತ್ತೇವೆ.

ಇಷ್ಟಾದ ಮೇಲೆ ಪಶ್ಚಿಮದ ಕಿಟಕಿಗೂ ಹೀಗೇ ಮಾಡೋಣ ಅಂತ ಮನೆಯಲ್ಲಿ ಎಲ್ಲರೂ ಅಂದರು. ಅದೇ ಅಳತೆಯ ಕಿಟಕಿ. ಲೆಕ್ಕ ಹಾಕಿದೆ. ಜೂನ್ 21ರಂದು ಸಂಜೆ ನಾಲ್ಕಕ್ಕೆ ಅದನ್ನು ಪೂರ್ತಿ ನೆರಳು ಮಾಡಲು 2 ಮೀಟರ್ ಸಜ್ಜಾ ಬೇಕು, ಐದು ಗಂಟೆಗೆ 3.3 ಮೀಟರ್ ಹತ್ತಿರ. ಸೂರ್ಯ ಅಷ್ಟು ತಗ್ಗಾಗಿ ಎದುರಿಗೇ ಬರುತ್ತಾನೆ. ಪೂರ್ವ ಪಶ್ಚಿಮಕ್ಕೆ ಸಜ್ಜಾ ಮಳೆಗಷ್ಟೇ. ಅಲ್ಲಿ ಹೊರಗಡೆ ಮುಚ್ಚುವ ಬಾಗಿಲು ಹಾಕಿಸಿದೆವು.

ಬೇರೆ ಅಕ್ಷಾಂಶದವರು ನನ್ನ 50 ಮತ್ತು 30 ಅನ್ನು ಹಾಗೇ ಎತ್ತಿಕೊಳ್ಳಬಾರದು. 40 ಡಿಗ್ರಿಯಲ್ಲಿ ಎಲ್ಲ ಕೋನಗಳೂ ಹತ್ತು ಡಿಗ್ರಿ ತಗ್ಗುತ್ತವೆ, ಅದೇ ಕಿಟಕಿಗೆ ಉದ್ದ ಚಾಚು ಬೇಕಾಗುತ್ತದೆ. ಇಪ್ಪತ್ಮೂರೂವರೆ ಡಿಗ್ರಿಗಿಂತ ಕೆಳಗಿನ ಊರುಗಳಲ್ಲಿ ಜೂನ್ ಆಸುಪಾಸಿನ ನಡುಹಗಲಿನ ಸೂರ್ಯ ಉತ್ತರದ ಕಡೆಗೇ ದಾಟುತ್ತಾನೆ, ಅಲ್ಲಿ ಉತ್ತರದ ಕಿಟಕಿಗೂ ಸಣ್ಣ ಸಜ್ಜಾ ಬೇಕು. ದಕ್ಷಿಣ ಗೋಳಾರ್ಧದಲ್ಲಿ ಇಡೀ ಚಿತ್ರ ತಿರುಗುಮುರುಗು, ಚಳಿಗಾಲದ ಬಿಸಿಲು ಬರುವುದು ಉತ್ತರದ ಕಿಟಕಿಗೆ. ಎರಡು ಗೆರೆಗಳ ಚಿತ್ರ ಮಾತ್ರ ಎಲ್ಲಿಗಾದರೂ ಒಂದೇ.

ಆ ವರ್ಷದ ಡಿಸೆಂಬರ್ 21ಕ್ಕೆ ಆಕಾಶ ತಿಳಿಯಾಗಿತ್ತು. ಹಳೆಯ ಸಜ್ಜಾ ಇದ್ದಾಗ ನಡುಹಗಲಿನ ಬಿಸಿಲು ಗಾಜಿನಿಂದ 193 ಸೆಂ.ಮೀ. ಒಳಗಿನ ತನಕ ನೆಲದ ಮೇಲೆ ಬರುತ್ತಿತ್ತು, ಹೊಸ ಲೆಕ್ಕದಲ್ಲಿ 274 ಬರಬೇಕು. ನೆಲದ ಮೇಲೆ ಮೊದಲೇ ಸೀಮೆಸುಣ್ಣದಿಂದ 274ಕ್ಕೆ ಗೆರೆ ಎಳೆದಿಟ್ಟಿದ್ದೆ. ಬಿಸಿಲಿನ ಅಂಚು ಚಾಕುವಿನಂತೆ ಇರುವುದಿಲ್ಲ, ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ, ಅದಕ್ಕೇ ಅಷ್ಟು ದೂರದಲ್ಲಿ ಅಂಚು ಐದು ಸೆಂ.ಮೀ. ಮಸುಕಾಗಿರುತ್ತದೆ. ಆ ಮಸುಕಿನ ನಡುವಿಗೆ ಅಳೆದೆ. 271. ಗೆರೆಗೆ ಮೂರು ಸೆಂ.ಮೀ. ಕಮ್ಮಿ. ಅಮ್ಮ ಅಷ್ಟು ಹೊತ್ತಿಗೆ ಕುರ್ಚಿಯನ್ನು ಎಳೆದುಕೊಂಡು ಬಂದು ಗೆರೆಯ ಈಚೆ ಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದರು. ಶಾಲು ಕುರ್ಚಿಯ ಬೆನ್ನಿಗೆ ಹೋಗಿತ್ತು.